ಹೆಬ್ಬೆರಳು ಎಲ್ಲಿದೆ ಎಂದು ಬರೆಯಿರಿ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಕಂಪ್ಯೂಟರ್ ಕೆಲಸ ಎಂದು ಹೇಳಿ ಮಾತು ಬದಲಾಯಿಸುತ್ತೇನೆ. ನಿಜ ಹೇಳಿದರೆ ಮುಂದೆ ತುಂಬಾ ಹೊತ್ತು ವಿವರಿಸಬೇಕಾಗುತ್ತದೆ. ನಿಜವೇನೆಂದರೆ, ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ಕೂತು ನಾನು ಕೈಗಳನ್ನು ವರ್ಣಿಸುತ್ತೇನೆ. ಜಾಹೀರಾತಿಗೆ, ಕ್ಯಾಲೆಂಡರಿಗೆ, ಪ್ಯಾಕೆಟ್ಟಿನ ಮೇಲೆ ಹಾಕುವುದಕ್ಕೆ ಚಿತ್ರ ಬೇಕಾದವರು ನಮ್ಮ ಹತ್ತಿರ ಬರುತ್ತಾರೆ. ಎಂಥ ಚಿತ್ರ ಬೇಕೆಂದು ನಾವು ಮಾತಿನಲ್ಲಿ ಬರೆದು ಕೊಡುತ್ತೇವೆ, ಎಐ ಅದನ್ನು ಓದಿ ಚಿತ್ರ ಮಾಡುತ್ತದೆ. ಮುಖ, ಸೀರೆಯ ಅಂಚು, ಕಿಟಕಿಯ ಬೆಳಕು, ಇವನ್ನೆಲ್ಲ ಅದು ಸೊಗಸಾಗಿ ಮಾಡುತ್ತದೆ. ಕೈ ಬಂತೆಂದರೆ ಎಡವುತ್ತದೆ. ಆ ಎಡವುವ ಜಾಗದಲ್ಲಿ ನನಗೆ ಸಂಬಳ.

ಮೊದಮೊದಲು ಆರು ಬೆರಳು ಬರುತ್ತಿದ್ದವು. ಜನ ನಗುತ್ತಿದ್ದರು. ಈಗ ಎಣಿಕೆ ಸರಿಯಾಗಿದೆ, ಹಿಡಿತ ಸರಿಯಿಲ್ಲ. ಫೋನು ಬೆರಳುಗಳ ಮೇಲೆ ಕೂತಿರುವುದಿಲ್ಲ, ಅಂಗೈಗೆ ಅಂಟಿಸಿದ ಹಾಗಿರುತ್ತದೆ. ಹೂವಿನ ಕಾಂಡ ಬೆರಳುಗಳ ನಡುವೆ ಹೋಗದೆ ಬೆರಳೊಳಗೇ ಹೊಕ್ಕಿರುತ್ತದೆ. ಕಾಫಿ ಕಪ್ಪಿನ ಹಿಡಿಗೆ ನಾಲ್ಕು ಬೆರಳನ್ನೂ ತುರುಕಿರುತ್ತದೆ. 'ಒಬ್ಬ ಹೆಂಗಸು ಕಪ್ಪು ಹಿಡಿದಿದ್ದಾಳೆ' ಎಂದಷ್ಟೇ ಬರೆದರೆ ಹೀಗೇ ಆಗುವುದು. 'ವಿಕಾರವಾದ ಬೆರಳು ಬೇಡ' ಎಂದು ಬರೆದರೆ ಕೆಲವೊಮ್ಮೆ ಇನ್ನೂ ವಿಕಾರವಾಗಿ ಬರುತ್ತದೆ. ಬೇಡದ್ದನ್ನು ಹೇಳಬಾರದು, ಬೇಕಾದ್ದನ್ನು ಹೇಳಬೇಕು. ಯಾವ ಕೈ, ಹೆಬ್ಬೆರಳು ಎಲ್ಲಿ, ಭಾರ ಯಾವ ಬೆರಳಿನ ಮೇಲೆ, ಯಾವ ಬೆರಳುಗಳು ವಸ್ತುವಿನ ಹಿಂದೆ ಮರೆಯಾಗಿವೆ, ಇಷ್ಟನ್ನು ಬರೆಯಬೇಕು. ಫೋನಾದರೆ, ಅದು ನಾಲ್ಕು ಬೆರಳುಗಳ ಮೇಲೆ ಒರಗಿದೆ, ಹೆಬ್ಬೆರಳು ಪರದೆಯ ಮೇಲಿದೆ, ಆಚೆ ಅಂಚಿನಲ್ಲಿ ಬೆರಳ ತುದಿಗಳಷ್ಟೇ ಕಾಣುತ್ತಿವೆ. ಹೂವಾದರೆ, ಕಾಂಡ ಹೆಬ್ಬೆರಳು ಮತ್ತು ತೋರುಬೆರಳ ತುದಿಗಳ ನಡುವೆ ಇದೆ, ಮಿಕ್ಕ ಬೆರಳುಗಳು ಸಡಿಲವಾಗಿ ಮಡಿಚಿಕೊಂಡಿವೆ. ಹೀಗೆ ಬರೆದರೂ ಹತ್ತಾರು ಚಿತ್ರ ತೆಗೆಸಿ ಅದರಲ್ಲೊಂದನ್ನು ಆರಿಸಬೇಕು. ಕೈ ಮಾತ್ರ ಕೆಟ್ಟಿದ್ದರೆ ಆ ಜಾಗಕ್ಕಷ್ಟೇ ಗುರುತು ಹಾಕಿ ಮತ್ತೆ ಮಾಡಿಸಬೇಕು.

ಹೀಗೆ ಆರಿಸಿದ ಚಿತ್ರವನ್ನು ಪಾಸು ಫೇಲು ಮಾಡುವವರು ಒಬ್ಬರಿದ್ದಾರೆ. ಆನೇಕಲ್ ಕಡೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತೇವೆ. ಮಕ್ಕಳು ಬರೆದ ಕೈಗಳನ್ನು ಜೀವಮಾನವಿಡೀ ತಿದ್ದಿದವರಿಗೆ ಈಗ ಯಂತ್ರ ಬರೆದ ಕೈಗಳನ್ನು ತಿದ್ದುವ ಕೆಲಸ. ಸ್ಕ್ರೀನಿಗೆ ಮೂಗು ತಾಗಿಸಿ ಕೂತಿರುತ್ತಾರೆ. ಫೇಲ್ ಮಾಡಿದಾಗ ಕೆಳಗೆ ಎರಡು ಸಾಲು ಷರಾ ಬರೆಯುತ್ತಾರೆ. ನನ್ನ ವಿವರಣೆಗಳ ಕೆಳಗೆ ಅವರು ಅತಿ ಹೆಚ್ಚು ಬರೆದ ಸಾಲು, 'ಹೆಬ್ಬೆರಳು ಎಲ್ಲಿದೆ ಎಂದು ಬರೆಯಿರಿ.' ಅವರ ಆ ಸಾಲು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ಕಾಫಿ ಪುಡಿಯವರೊಬ್ಬರು ಬಂದರು. ಅವರಿಗೆ ವಯಸ್ಸಾದ ಹೆಂಗಸಿನ ಕೈ ಬೇಕು, ಸ್ಟೀಲ್ ಲೋಟ ಬೇಕು, ಲೋಟದಲ್ಲಿ ಹೊಗೆಯಾಡುವ ಕಾಫಿ ಬೇಕು. ಸುಲಭ ಎಂದುಕೊಂಡೆ. ಆದರೆ ಯಂತ್ರಕ್ಕೆ ಗೊತ್ತಿರುವುದು ಹಿಡಿ ಇರುವ ಕಪ್ಪು. ಸ್ಟೀಲ್ ಲೋಟ ಕೊಟ್ಟರೆ ಬಿಯರ್ ಗ್ಲಾಸು ಹಿಡಿದ ಹಾಗೆ ಇಡೀ ಅಂಗೈಯಿಂದ ಅಪ್ಪಿಕೊಳ್ಳುತ್ತದೆ. ಕುದಿಯುವ ಕಾಫಿ ತುಂಬಿದ ಲೋಟವನ್ನು ಹಾಗೆ ಹಿಡಿದರೆ ಅಂಗೈಯ ಚರ್ಮ ಲೋಟಕ್ಕೇ ಅಂಟಿಕೊಳ್ಳುತ್ತದೆ. ನಮ್ಮವರು ಹಿಡಿಯುವುದು ಕಂಠದಲ್ಲಿ. ಹೆಬ್ಬೆರಳು ಈಚೆ, ನಡುಬೆರಳು ಆಚೆ, ಬುಡಕ್ಕೆ ಇನ್ನೊಂದು ಕೈಯ ಬೆರಳ ತುದಿ. ನಾನು ಇದನ್ನು ಬರೆದೆ, ತಿದ್ದಿ ಬರೆದೆ. ಮೇಷ್ಟ್ರು ಒಂದೊಂದನ್ನೂ ಫೇಲ್ ಮಾಡಿದರು. 'ಬೆರಳು ಲೋಟವನ್ನು ಮುಟ್ಟಿದೆ, ಹಿಡಿದಿಲ್ಲ.' 'ಅಜ್ಜಿಯ ಮುಖ, ಮೊಮ್ಮಗಳ ಕೈ.' ಕೊನೆಗೆ ಮತ್ತದೇ, ಹೆಬ್ಬೆರಳು ಎಲ್ಲಿದೆ ಎಂದು ಬರೆಯಿರಿ.

ನನಗೆ ರೇಗಿತು. ಈ ಮನುಷ್ಯನಿಗೆ ದೇವರೇ ಬಂದು ಕೈ ತೋರಿಸಿದರೂ ಫೇಲ್ ಮಾಡುತ್ತಾನೆ ಎಂದು ಗೊಣಗಿಕೊಂಡೆ. ನೋಡಿಯೇ ಬಿಡೋಣ ಅನ್ನಿಸಿತು.

ನಮ್ಮ ಮನೆ ಸರ್ಜಾಪುರದ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ. ಅತ್ತೆ ಗದಗದ ಕಡೆಯವರು, ನಾನು ತುಮಕೂರಿನವಳು. ನಮ್ಮಿಬ್ಬರ ಕನ್ನಡ ಈಗಲೂ ಅಡುಗೆಮನೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಮಾರನೆಯ ಬೆಳಿಗ್ಗೆ ಅತ್ತೆ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ನಾನು ಫೋನಿನಲ್ಲಿ ಅವರ ಕೈಯ ಫೋಟೋ ತೆಗೆದೆ. ಬೆಳಕು ಚೆನ್ನಾಗಿತ್ತು. ಲೋಟ ಹೊಳೆಯುತ್ತಿತ್ತು.

"ಮಾರಿ ಬಿಟ್ಟು ಕೈ ಯಾಕ ತಗೀತಿ?" ಎಂದರು ಅತ್ತೆ.

"ಆಫೀಸಿಗೆ ಬೇಕು ಅತ್ತೆ."

"ನಿಮ್ಮ ಆಫೀಸು ಸುಡುಗಾಡು," ಎಂದು ಹೇಳಿ ಕಾಫಿ ಮುಗಿಸಿದರು.

ಆ ಫೋಟೋವನ್ನು ಯಂತ್ರದ ಚಿತ್ರವೆಂಬಂತೆ ನನ್ನ ವಿವರಣೆಯ ಜೊತೆಗೆ ಮೇಷ್ಟ್ರಿಗೆ ಕಳಿಸಿದೆ. ಕಳಿಸಿ ಕ್ಯಾಂಟೀನಿಗೆ ಹೋಗಿ ಆರಾಮಾಗಿ ಚಿತ್ರಾನ್ನ ತಿಂದೆ. ಬಂದು ನೋಡಿದರೆ ಫೇಲ್. ಷರಾ ಈ ಸಲ ಉದ್ದವಿತ್ತು. 'ಬಲಗೈ ಹೆಬ್ಬೆರಳು ಲೋಟಕ್ಕೆ ಎದುರು ಬಂದಿಲ್ಲ, ತೋರುಬೆರಳ ಪಕ್ಕಕ್ಕೆ ಬಿದ್ದಿದೆ. ಅದರ ಬುಡದಲ್ಲಿ ಮಾಂಸವಿಲ್ಲ. ಭಾರವೆಲ್ಲ ಎಡಗೈ ಮೇಲಿದೆ, ಬಲಗೈ ಸುಮ್ಮನೆ ಜೊತೆಗಿದೆ. ಅಸಹಜ.'

ನಾನು ಕಾಯುತ್ತಿದ್ದದ್ದೇ ಇದಕ್ಕೆ. ಎದ್ದು ಹೋಗಿ ಅವರ ಟೇಬಲ್ಲಿನ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಹೇಳಿದೆ. "ಮೇಷ್ಟ್ರೇ, ಇದು ಎಐ ಅಲ್ಲ. ನಮ್ಮತ್ತೆ ಕೈ. ಇವತ್ತು ಬೆಳಿಗ್ಗೆ ತೆಗ್ದಿದ್ದು."

ಅಕ್ಕಪಕ್ಕದವರು ಚೆನ್ನಾಗಿ ನಕ್ಕರು. ನಾನೂ ನಕ್ಕೆ. ಮೇಷ್ಟ್ರು ನಗಲಿಲ್ಲ, ಮುಖ ಸಪ್ಪಗೂ ಮಾಡಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದರು.

"ನಿಜ್ವಾದ ಕೈ ಅಂದ್ರೆ ನಂದೇ ತಪ್ಪು ಬುಡಿ. ಪಾಸ್ ಮಾಡಾನ," ಎಂದರು. "ಆದ್ರೆ ಮೇಡಂ, ಚಿತ್ರಕ್ಕೂ ನೀವು ಬರ್ದಿರೋದ್ಕೂ ತಾಳೆ ಆಗ್ತಿಲ್ವಲ್ಲ. ಹೆಬ್ಬೆಟ್ಟು ಈಚೆ, ನಡುಬೆರಳು ಆಚೆ ಅಂತ ಬರ್ದಿದೀರಿ. ಅಂಗಿಲ್ಲ ಅಲ್ಲಿ. ಇರೋದ್ನ ಇದ್ದಂಗೆ ಬರ್ದು ಕೊಡಿ."

ನಮ್ಮಲ್ಲಿ ಚಿತ್ರವೂ ವಿವರಣೆಯೂ ಹೊಂದಬೇಕೆನ್ನುವುದು ನಿಯಮ. ಗೆದ್ದವಳ ಹಾಗೆ ಬಂದು ಕೂತೆ, ವಿವರಣೆ ತಿದ್ದಲು ಶುರು ಮಾಡಿದೆ. ವಯಸ್ಸಾದ ಹೆಂಗಸಿನ ಎರಡು ಕೈ. ಎಡಗೈ ಲೋಟದ ಬುಡದಲ್ಲಿ, ಪೂರ್ತಿ ಅಂಗೈ. ಬಲಗೈಯ ಕಿರುಬೆರಳು ಮತ್ತು ಉಂಗುರಬೆರಳು ಲೋಟಕ್ಕೆ ಒತ್ತಿವೆ. ನಡುಬೆರಳು, ತೋರುಬೆರಳು ಒತ್ತಿಲ್ಲ, ಮೇಲೆ ಇವೆ. ಹೆಬ್ಬೆರಳು, ಎಂದು ಬರೆದು ನಿಲ್ಲಿಸಿದೆ. ಹೆಬ್ಬೆರಳು ಏನೂ ಮಾಡುತ್ತಿರಲಿಲ್ಲ.

ನನ್ನ ಕೈಯನ್ನು ನೋಡಿಕೊಂಡೆ. ಹೆಬ್ಬೆರಳ ಬುಡದಲ್ಲಿ ಎಲ್ಲರಿಗೂ ಒಂದು ಉಬ್ಬು ಇರುತ್ತದೆ. ಫೋಟೋದಲ್ಲಿ ಅತ್ತೆಯ ಕೈಯಲ್ಲಿ ಆ ಜಾಗ ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು. ವಯಸ್ಸಾಗಿದೆಯಲ್ಲ ಎಂದುಕೊಂಡೆ. ಆಮೇಲೆ ಫೋನಿನಲ್ಲಿ ಹಿಂದಕ್ಕೆ ಹೋಗಿ ನಮ್ಮ ಗೃಹಪ್ರವೇಶದ ಫೋಟೋಗಳನ್ನು ಹುಡುಕಿದೆ. ಒಂದರಲ್ಲಿ ಅತ್ತೆ ಯಾರ ಜೊತೆಗೋ ಮಾತಾಡುತ್ತ ಲೋಟ ಹಿಡಿದಿದ್ದರು. ಒಂದೇ ಕೈ. ಕಂಠದಲ್ಲಿ. ಹೆಬ್ಬೆರಳು ಈಚೆ, ನಡುಬೆರಳು ಆಚೆ. ನಾನು ಯಂತ್ರಕ್ಕೆ ದಿನಗಟ್ಟಲೆ ಕಲಿಸಲು ಒದ್ದಾಡಿದ ಹಿಡಿತ ಅದೇ ಆಗಿತ್ತು. ಎಡಗೈ ಇನ್ನೊಬ್ಬರಿಗೆ ಏನೋ ಬುದ್ಧಿ ಹೇಳುವುದರಲ್ಲಿ ತೊಡಗಿತ್ತು.

ಕೂತಲ್ಲೇ ಒಂದೊಂದಾಗಿ ನೆನಪಾಯಿತು. ಎರಡು ಲೋಟ ಕೈಜಾರಿ ಬಿದ್ದು ನೆಗ್ಗಿದ್ದವು, ಅತ್ತೆ ಪಾತ್ರೆ ತೊಳೆಯುವ ಸೋಪಿಗೆ ಬೈದಿದ್ದರು. ಬ್ಲೌಸಿನ ಹುಕ್ಕುಗಳನ್ನು ತೆಗೆಸಿ ಬೇರೇನೋ ಹೊಲಿಸಿಕೊಂಡಿದ್ದರು. ನಸುಕಿನಲ್ಲಿ ಎದ್ದು ಕೈ ಒದರುತ್ತಿದ್ದರು, ಸೊಳ್ಳೆ ಎನ್ನುತ್ತಿದ್ದರು. ಇನ್ನು ತುಂಬೆ ಹೂವು.

ತುಂಬೆಯ ಮಾತು ಹೇಳಲೇಬೇಕು. ಅತ್ತೆ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡುತ್ತಾರೆ. ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಹೂವು, ಪತ್ರೆ. ಎಡಗೈ ಲಿಂಗದ್ದು, ಬಲಗೈ ಹೂವಿನದ್ದು, ಅದು ಅದಲುಬದಲು ಆಗುವ ಹಾಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಸೈಟಿನಲ್ಲಿ ತುಂಬೆ ಬೆಳೆಯುತ್ತದೆ. ಅಕ್ಕಿಕಾಳಿಗಿಂತ ಚೂರು ದೊಡ್ಡ ಬಿಳಿ ಹೂವು. ಅತ್ತೆಗೆ ಅದೇ ಆಗಬೇಕು, ಒಂದೊಂದನ್ನೇ ತೆಗೆದು ಲಿಂಗದ ನೆತ್ತಿಯ ಮೇಲೆ ಇಡಬೇಕು. ನಾನು ವಾಕಿಂಗ್ ನೆಪದಲ್ಲಿ ಕಿತ್ತು ತರುತ್ತಿದ್ದೆ. ಒಂದು ದಿನ, "ತುಂಬಿ ಬ್ಯಾಡ, ಸೇವಂತಿಗಿ ತಗೊಂಡು ಬಾ" ಎಂದರು. ಅಬ್ಬಾ, ಅತ್ತೆಗೆ ಬೆಂಗಳೂರು ಹತ್ತಿತು ಎಂದು ನಾನು ಒಳಗೊಳಗೇ ನಕ್ಕಿದ್ದೆ. ಆಮೇಲಾಮೇಲೆ ಪೂಜೆಗೆ ಕೂತಾಗ ಕೋಣೆಯ ಬಾಗಿಲನ್ನು ಮುಂದಕ್ಕೆ ಎಳೆದುಕೊಳ್ಳತೊಡಗಿದರು. ಟಿವಿ ಸದ್ದು ಎಂದಿದ್ದರು. ನಮ್ಮ ಮನೆಯಲ್ಲಿ ಬೆಳಿಗ್ಗೆ ಟಿವಿ ಹಾಕುವುದಿಲ್ಲ.

ಅವತ್ತು ಮನೆಗೆ ಹೋಗುವಾಗ ದಾರಿಯಲ್ಲಿ ಒಂದು ಗುಲಾಬಿ ಕೊಂಡೆ. ಅತ್ತೆ ಸೋಫಾದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಎಡಗೈಯಲ್ಲಿ ಬಿಡಿಸುತ್ತಿದ್ದರು.

"ಅತ್ತೆ, ಇದನ್ನ ಸ್ವಲ್ಪ ಹಿಡ್ಕೊಳ್ಳಿ. ಆಫೀಸಿಗೆ ಇನ್ನೊಂದು ಫೋಟೋ ಬೇಕು. ಬಲಗೈಯಲ್ಲಿ, ಎರಡು ಬೆರಳಲ್ಲಿ."

"ಮುಂಜಾನಿ ತಗದಿದ್ದು ಏನಾತು?"

"ಫೇಲಾಯ್ತು."

"ಯಾಂವ ಅಂವ ನನ್ನ ಕೈ ಫೇಲ್ ಮಾಡಾಂವ?" ಎಂದರು. ಅವರಿಗೆ ನಿಜವಾಗಿಯೂ ಅವಮಾನವಾಗಿತ್ತು. ಆ ಸಿಟ್ಟಿನಲ್ಲೇ ಗುಲಾಬಿ ಕಿತ್ತುಕೊಂಡರು. ಎಡಗೈ ಮುಷ್ಟಿಯಲ್ಲಿ. "ಮುಷ್ಟಿ ಬೇಡ, ಬೆರಳ ತುದಿಯಲ್ಲಿ" ಎಂದೆ. ಬಲಗೈಗೆ ದಾಟಿಸಿಕೊಂಡರು. ಕಾಂಡ ತೋರುಬೆರಳಿನ ಮೇಲೆ ಒಂದು ಕ್ಷಣ ನಿಂತಿತು. ಹೆಬ್ಬೆರಳು ಬರಲಿಲ್ಲ. ಹೂವು ಸೊಪ್ಪಿನ ಮೇಲೆ ಬಿತ್ತು.

ಇಬ್ಬರೂ ಅದನ್ನು ನೋಡಿದೆವು. ಅತ್ತೆ ಮೊದಲು ಸೊಪ್ಪಿನ ಕಡ್ಡಿಗಳನ್ನು ಪೇಪರಿನ ಒಂದು ಮೂಲೆಗೆ ತಳ್ಳಿದರು.

"ಜೋಮು ಹಿಡದೈತವಾ," ಎಂದರು. "ಭಾಳ ದಿನಾತು. ಮೂರು ಬೆರಳು ನನ್ನವಲ್ಲ ಅನ್ನಸ್ತಾವ."

"ಹೇಳೋದಲ್ವಾ ಅತ್ತೆ?"

"ಹೇಳಿದ್ರ ಏನ್ ಮಾಡ್ತಿದ್ದಿ, ನೀ ಹಿಡೀತಿದ್ದೇನ್ ಹೂವು?" ಎಂದರು. "ಲಿಂಗದ ಮ್ಯಾಲ ಇಡಾಕ ಆಗವಲ್ತು. ಸೇವಂತಿಗಿ ಎಸಳು ಉದುರಿಸಿ, ಅಂಗೈಲೆ ಮ್ಯಾಲಿಂದ ಸುರೀತೀನಿ. ಕಸಾ ಚೆಲ್ಲಿದಂಗ ಆಗತೈತಿ. ಯಾರರ ನೋಡ್ಯಾರು ಅಂತ ಬಾಗಲಾ ಹಾಕ್ಕೋತೀನಿ."

ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ. ಗುಲಾಬಿಯನ್ನು ಎತ್ತಿ ಒಂದು ಲೋಟ ನೀರಿನಲ್ಲಿ ಇಟ್ಟೆ.

ಆ ವಾರವೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು ಹೇಳಿದರು. ತಾಗಲಿಲ್ಲ. ಯಾವ ಬೆರಳಿಗೆ ಜೋಮು, ಯಾವುದಕ್ಕೆ ಇಲ್ಲ ಎಂದು ಕೇಳಿದರು. "ಕಪ್ಪು, ಲೋಟ ಹೇಗೆ ಹಿಡೀತಾರೆ?" ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಭಾರ ಎಡಗೈ ಮೇಲೆ, ಬಲಗೈಯಲ್ಲಿ ಕೊನೆಯ ಎರಡು ಬೆರಳಷ್ಟೇ ಒತ್ತುತ್ತವೆ, ಹೆಬ್ಬೆರಳು ತೋರುಬೆರಳ ಪಕ್ಕಕ್ಕೆ ಮಲಗಿರುತ್ತದೆ, ಬುಡ ಚಪ್ಪಟೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, "ನೀವು ನರ್ಸಾ?" ಎಂದು ಕೇಳಿದರು. ಕಂಪ್ಯೂಟರ್ ಕೆಲಸ ಎಂದೆ.

ನರದ ಪರೀಕ್ಷೆ ಮಾಡಿಸಿದರು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿಯಿದೆಯಂತೆ, ಅದರೊಳಗೆ ಹೋಗುವ ನರ ಬಹಳ ದಿನದಿಂದ ಅದುಮಿಕೊಂಡಿದೆಯಂತೆ. ಆ ನರ ಸೊರಗಿದರೆ ಹೆಬ್ಬೆರಳ ಬುಡದ ಮಾಂಸವೂ ಕರಗುತ್ತದೆ. ಸಣ್ಣ ಆಪರೇಷನ್ನು, ದಾರಿ ಬಿಡಿಸಿ ಕೊಡುವುದು. ನೋವು ಹೋಗುತ್ತದೆ, ಜೋಮು ಬಹುಮಟ್ಟಿಗೆ ಹೋಗುತ್ತದೆ, ಕರಗಿದ ಮಾಂಸ ತಿರುಗಿ ಬರುವುದು ಅನುಮಾನ ಎಂದರು.

ಅತ್ತೆ ಒಂದೇ ಪ್ರಶ್ನೆ ಕೇಳಿದರು. "ತುಂಬಿ ಹೂ ಹಿಡೀಬಹುದೇನ್ರಿ?"

"ಲೋಟ ಹಿಡೀಬಹುದು ಅಮ್ಮಾ," ಎಂದರು ಡಾಕ್ಟರು. "ಹೂವಿನ ವಿಷ್ಯ ಆಮೇಲೆ ನೋಡೋಣ."

"ಲೋಟಾ ಯಾಂವ ಕೇಳಿದ?" ಎಂದು ಅತ್ತೆ ಹೊರಗೆ ಬಂದ ಮೇಲೆ ನನಗೆ ಹೇಳಿದರು.

ಆಪರೇಷನ್ನಿಗೆ ಕಾಯುತ್ತಿದ್ದ ವಾರದಲ್ಲಿ ನಾನು ಆಫೀಸಿನಲ್ಲಿ ಒಂದು ಕೆಲಸಕ್ಕೆ ಬಾರದ ಕೆಲಸ ಮಾಡಿದೆ. ಮೇಷ್ಟ್ರು ಬರೆಸಿದ ಆ ವಿವರಣೆಯನ್ನು ಪೂರ್ತಿ ಮಾಡಿ, ಅತ್ತೆಯ ಕೈಯನ್ನು ಇದ್ದ ಹಾಗೆಯೇ ಬರೆದು, ಯಂತ್ರಕ್ಕೆ ಹಾಕಿದೆ. ಹೆಬ್ಬೆರಳು ತೋರುಬೆರಳ ಪಕ್ಕದಲ್ಲಿ, ಬುಡ ಚಪ್ಪಟೆ, ಲೋಟವನ್ನು ಒತ್ತುತ್ತಿಲ್ಲ ಎಂದು ಸ್ಪಷ್ಟವಾಗಿ ಬರೆದೆ. ಯಂತ್ರ ಚಿತ್ರ ಕೊಟ್ಟಿತು. ಸುಕ್ಕುಗಟ್ಟಿದ ಚೆಂದದ ಕೈ, ಲೋಟದ ಕಂಠ, ಹೆಬ್ಬೆರಳು ಈಚೆ, ನಡುಬೆರಳು ಆಚೆ, ಬುಡದಲ್ಲಿ ದುಂಡಗಿನ ಉಬ್ಬು. ಇನ್ನೊಮ್ಮೆ ಹಾಕಿದೆ, ಮತ್ತೆ ಗಟ್ಟಿಮುಟ್ಟಾದ ಹೆಬ್ಬೆರಳು. ನಾನು ಬೇಡಿದಾಗ ಕೊಡದೆ ಸತಾಯಿಸಿದ್ದ ಹಿಡಿತವನ್ನು ಈಗ ಬೇಡ ಎಂದರೂ ತಂದು ತಂದು ಕೊಡುತ್ತಿತ್ತು. ನನಗೆ ಆ ಚಿತ್ರದ ಹೆಬ್ಬೆರಳಿನ ಮೇಲೆ ಹೊಟ್ಟೆಕಿಚ್ಚಾಯಿತು. ಕಾಫಿ ಪುಡಿಯವರಿಗೆ ನನ್ನ ಹಳೆಯ ವಿವರಣೆಯ ಜೊತೆ ಅದರಲ್ಲೇ ಒಂದನ್ನು ಕಳಿಸಿದೆವು. ಮೇಷ್ಟ್ರು ಪಾಸ್ ಮಾಡಿದರು. ಷರಾ ಏನೂ ಬರೆಯಲಿಲ್ಲ. ಸಂಜೆ ಬಸ್ಸಿಗೆ ನಿಂತಿದ್ದಾಗ, "ಅತ್ತೇರ ಕೈ ಎಂಗದೆ?" ಎಂದು ಕೇಳಿದರು. ಹೇಳಿದೆ. "ಮಕ್ಳ ಚಿತ್ರದಾಗೆ ಅಂಥ ಕೈ ತಪ್ಪು ಅಂತ ಎಷ್ಟು ತಿದ್ದಿದೀನೋ," ಎಂದು ಹೇಳಿ ಅವರ ಬಸ್ಸು ಹತ್ತಿದರು.

ಆಪರೇಷನ್ನು ಆಯಿತು. ಹೊಲಿಗೆ ಬಿಚ್ಚಿದರು. ಒಂದು ಮೆತ್ತನೆಯ ಚೆಂಡು ಕೊಟ್ಟು ಅಮುಕಲು ಹೇಳಿದರು. ಅತ್ತೆ ಅದನ್ನು ಬಿಟ್ಟು ಚಪಾತಿ ಹಿಟ್ಟು ಅಮುಕಿದರು. ಕೈ ಒದರುವುದು ನಿಂತಿತು. ಬೆರಳಿಗೆ ಬಿಸಿ ತಗಲತೈತಿ ಎಂದು ಒಂದು ಬೆಳಿಗ್ಗೆ ಹೇಳಿದರು, ಲೋಟದ ಬಿಸಿಗೆ ಬೈದುಕೊಂಡೇ ಹೇಳಿದರು. ಹೆಬ್ಬೆರಳ ಬುಡ ಮಾತ್ರ ಚಪ್ಪಟೆಯಾಗಿಯೇ ಇತ್ತು. ಪೂಜೆಯ ಬಾಗಿಲೂ ಮುಚ್ಚಿಯೇ ಇತ್ತು. ನಾನು ಹೂವಿನ ಮಾತು ಎತ್ತಲಿಲ್ಲ, ದಿನಾ ಸೇವಂತಿಗೆ ತಂದಿಟ್ಟೆ.

ಮಳೆ ಶುರುವಾದ ಮೇಲೆ ಒಂದು ದಿನ, "ಹಿಂದಿನ ಸೈಟಿನಾಗ ತುಂಬಿ ಬಂದಾವೇನು?" ಎಂದರು. ಬಂದಿವೆ ಎಂದೆ. ಮರುದಿನ ಒಂದು ಹಿಡಿ ಕಿತ್ತು ತಂದು, ತಟ್ಟೆಯಲ್ಲಿ ಹಾಕಿ, ಸೇವಂತಿಗೆಯ ಪಕ್ಕ ಸುಮ್ಮನೆ ಇಟ್ಟೆ. ಯಾವುದು ಬೇಕೋ ತೆಗೆದುಕೊಳ್ಳಲಿ ಎಂದು.

ಸ್ವಲ್ಪ ಹೊತ್ತಿಗೆ ಪತ್ರೆಯ ಬಟ್ಟಲು ಕೊಡಲು ಹೋದಾಗ ನೋಡಿದೆ, ಬಾಗಿಲು ತೆರೆದಿತ್ತು.

ಅತ್ತೆ ಮಣೆಯ ಮೇಲೆ ಕೂತಿದ್ದರು. ನಾನು ಹೊಸ್ತಿಲಲ್ಲೇ ನಿಂತೆ. ರೂಢಿಯಾಗಿ ಹೋಗಿದೆ, ಮನಸ್ಸು ತಾನಾಗಿಯೇ ಬರೆಯುತ್ತಿತ್ತು. ಎಡಗೈ ಎದೆಯ ಮಟ್ಟದಲ್ಲಿ, ಅಂಗೈ ಮೇಲಕ್ಕೆ, ಅದರ ನಡುವೆ ಲಿಂಗ. ಬಲಗೈ ತಟ್ಟೆಯ ಮೇಲೆ. ಹೆಬ್ಬೆರಳ ತುದಿ ತೋರುಬೆರಳ ತುದಿಗೆ ಬರಲಿಲ್ಲ, ಅದು ಇನ್ನು ಬರುವುದೂ ಇಲ್ಲ. ಅತ್ತೆ ಹೆಬ್ಬೆರಳನ್ನು ತೋರುಬೆರಳ ಪಕ್ಕಕ್ಕೆ ಒತ್ತಿ, ಬೀಗಕ್ಕೆ ಕೀಲಿ ಹಾಕುವಾಗ ಹಿಡಿಯುತ್ತೇವಲ್ಲ ಹಾಗೆ, ಆ ಸಂದಿಯಲ್ಲಿ ಒಂದು ತುಂಬೆ ಹೂವನ್ನು ಸಿಕ್ಕಿಸಿಕೊಂಡಿದ್ದರು. ಮೊದಲಾಗಿದ್ದರೆ ಹೂವು ಅಲ್ಲಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಈಗ ತಿಳಿಯುತ್ತಿತ್ತು. ಮೊಣಕೈಯನ್ನು ಪಕ್ಕಕ್ಕೆ ಎತ್ತಿ, ಮಣಿಕಟ್ಟನ್ನು ತಿರುಗಿಸಿ, ತುಂಬ ನಿಧಾನವಾಗಿ ಕೈಯನ್ನು ಲಿಂಗದ ಮೇಲಕ್ಕೆ ತಂದರು. ಮೊದಲ ಹೂವು ಜಾರಿ ಅಂಗೈಗೆ ಬಿತ್ತು. ಎರಡನೆಯದನ್ನು ತೆಗೆದುಕೊಂಡರು.

ಯಾವ ಕೋನದಿಂದ ನೋಡಿದರೂ ಅದು ಅಸಹಜವಾದ ಹಿಡಿತ. ನಾನು ಹಾಗೆ ಬರೆದು ಕಳಿಸಿದ್ದರೆ ಮೇಷ್ಟ್ರು ನೋಡಿದ ಕೂಡಲೇ ಫೇಲ್ ಮಾಡುತ್ತಿದ್ದರು.

ಎರಡನೆಯ ಹೂವು ನಿಂತಿತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ಅದನ್ನೇ ನೋಡುತ್ತಿದ್ದರು. ನಂತರ ತಲೆಯೆತ್ತದೆ ನನಗೆ ಹೇಳಿದರು.

"ಏನ್ ನೋಡ್ಕೊಂತ ನಿಂತಿ, ಪತ್ರಿ ಕೊಡು. ಇಲ್ಲಿ ಇಡು, ನಾ ತಗೋತೀನಿ."